ಅತ್ತಿಗೆ, ಮಾವ ಇಟಾಲಿಯನ್‌ಗೆ ಹೋದ್ರೆ ಯಾರಾಗ್ತಾರೆ? ನನ್ನ ಅನುಭವ

ನಾನು ಕನ್ನಡದಿಂದ ಇಟಾಲಿಯನ್‌ಗೆ ಅನುವಾದ ಮಾಡ್ತಿದ್ದ ಕಥೆಲಿ ಮನೆಯವರು ಯಾರಿಗೂ ಹೆಸರಿಲ್ಲ. ಕಥೆ ಹೇಳೋಳು ಒಬ್ಬ ಹುಡುಗಿ, ಅವಳ ಬಾಯಲ್ಲಿ ಎಲ್ಲರೂ ಮಾವ, ಅತ್ತೆ, ಅತ್ತಿಗೆ, ಭಾವ ಅಷ್ಟೇ. ಮಧ್ಯದಲ್ಲಿ ಅವಳನ್ನ ಸೋದರಮಾವನ ಮಗನಿಗೆ ಕೊಟ್ಟು ಮದುವೆ ಮಾಡ್ತಾರೆ. ಕನ್ನಡದಲ್ಲಿ ಇದರಿಂದ ಒಂದು ಪದನೂ ಬದಲಾಗಲ್ಲ, ಅಮ್ಮನ ಅಣ್ಣ ಮೊದಲೂ ಮಾವ, ಗಂಡನ ಅಪ್ಪ ಆದ ಮೇಲೂ ಮಾವ. ಇಟಾಲಿಯನ್‌ನಲ್ಲಿ ಹಾಗಲ್ಲ, ಮದುವೆಗೆ ಮುಂಚೆ ಅವರು ದ್ಸೀಯೊ, ಆಮೇಲೆ ಸ್ವೋಚೆರೊ, ಎರಡಕ್ಕೂ ಆಗೋ ಒಂದು ಪದ ಇಲ್ಲ.

ಅತ್ತಿಗೆ ಇನ್ನೂ ಕಷ್ಟ. ಈ ಕಥೆಲಿ ಇಬ್ಬರು ಅತ್ತಿಗೆಯರಿದ್ದಾರೆ. ಒಬ್ಬಳು ಹುಡುಗಿಯ ಅಣ್ಣನ ಹೆಂಡತಿ. ಇನ್ನೊಬ್ಬಳು ಸೋದರಮಾವನ ದೊಡ್ಡ ಮಗಳು, ವಯಸ್ಸಲ್ಲಿ ಇವಳಿಗಿಂತ ದೊಡ್ಡವಳಾದ್ದರಿಂದ ಅತ್ತಿಗೆ, ಮದುವೆ ಆದ ಮೇಲೆ ಗಂಡನ ಅಕ್ಕ ಆಗ್ತಾಳಲ್ಲ, ಆಗಲೂ ಅತ್ತಿಗೆನೇ. ಇಟಾಲಿಯನ್‌ನಲ್ಲಿ ಮಾವನ ಮಗಳು ಕುಜೀನಾ, ಗಂಡನ ಅಕ್ಕ ಕೊನ್ಯಾತಾ, ಅಣ್ಣನ ಹೆಂಡತಿನೂ ಕೊನ್ಯಾತಾ, ಅಷ್ಟೇ ಅಲ್ಲ ನಾದಿನಿ, ಓರಗಿತ್ತಿ ಎಲ್ಲಾ ಅದೇ ಕೊನ್ಯಾತಾ ಒಳಗೆ ಬಂದುಬಿಡ್ತಾರೆ. ಡಿಕ್ಷನರಿ ನೋಡಿ ಅತ್ತಿಗೆ ಕಂಡಲ್ಲೆಲ್ಲ ಕೊನ್ಯಾತಾ ಹಾಕಿದ್ರೆ ಮದುವೆಗೆ ಮುಂಚಿನ ಪುಟಗಳಲ್ಲೇ ಮಾವನ ಮಗಳು ಯಾರೋ ಸಂಬಂಧಿಕರ ಹೆಂಡತಿ ಥರ ಕಾಣ್ತಾಳೆ.

ಅದಕ್ಕೆ ನಾನು ಅನುವಾದಕ್ಕೆ ಕೂರೋ ಮೊದಲು ಒಂದು ಶೀಟ್ ಮಾಡ್ಕೊಂಡೆ. ಅದರಲ್ಲಿ ಪದಕ್ಕೆ ಅರ್ಥ ಬರೆಯಲ್ಲ, ಪದ ಬಂದ ಪ್ರತಿ ಜಾಗಕ್ಕೂ ಮೂರು ವಿಷಯ ಬರೀತೀನಿ: ಯಾರು ಹೇಳ್ತಿದ್ದಾರೆ, ಕರೀತಿದ್ದಾರಾ ಇಲ್ಲ ಅವರ ಬಗ್ಗೆ ಇನ್ಯಾರಿಗೋ ಹೇಳ್ತಿದ್ದಾರಾ, ಮತ್ತೆ ಆ ವ್ಯಕ್ತಿಗೆ ಹೋಗೋ ದಾರಿ. ದಾರಿ ಅಂದ್ರೆ "ಅಮ್ಮ, ಅವಳ ಅಣ್ಣ, ಅವನ ಮಗಳು" ಅಂತ ಬಿಡಿಸಿ ಬರೆಯೋದು. ಹೀಗೆ ಬರೆದ ಮೇಲೆ ಒಂದು ಗೊತ್ತಾಯ್ತು, ಎರಡು ಪ್ಯಾರಾ ಅಂತರದಲ್ಲಿ ಬರೋ ಎರಡು ಅತ್ತಿಗೆ ಬೇರೆಬೇರೆ ಜನ. "ಅತ್ತಿಗೆ ಒಳಗಿಂದ್ಲೇ ಯಾರು ಅಂದ್ಲು" ಅನ್ನೋದು ಮಾವನ ಮನೆಲಿ ನಡೆಯೋದು, ಅಲ್ಲಿರೋಳು ಮಾವನ ಮಗಳು. ಇಂಥದ್ದನ್ನ ಕನ್ನಡದ ಓದುಗರು ಯಾವ ಮನೆ ಅನ್ನೋದರಿಂದಲೇ ತಿಳ್ಕೊಳ್ತಾರೆ, ಇಟಲಿಯವರಿಗೆ ಅದು ಸಾಲಲ್ಲ.

ಸಂಬಂಧನ ಪ್ರತಿ ಸಲ ಪೂರ್ತಿ ಬಿಡಿಸಿ ಹೇಳೋಕಾಗಲ್ಲ, "ನನ್ನ ಅಮ್ಮನ ಅಣ್ಣ ಬಂದರು, ನನ್ನ ಅಮ್ಮನ ಅಣ್ಣ ಕೂತರು" ಅಂದ್ರೆ ಕಥೆ ಸತ್ತುಹೋಗುತ್ತೆ. ಮೊದಲ ಸಲ ಬಂದಾಗ ಮಾತ್ರ ದಾರಿ ಹೇಳಿ, ಅದರ ಜೊತೆಗೇ ಒಂದು ಗುರುತು ಅಂಟಿಸಿದೆ, ಆಮೇಲೆ ಆ ಗುರುತೇ ಸಾಕು. ಗುರುತು ಎಲ್ಲಿಂದ ತರೋದು ಅಂದ್ರೆ ನಾವೇ ಹೇಳ್ತೀವಲ್ಲ ಶಿವಮೊಗ್ಗ ಮಾವ, ದೊಡ್ಡ ಮಾವ ಅಂತ, ಅದು. ಕಥೆಲಿ ಮಾವನ ಊರಿನ ಹೆಸರು ಒಂದು ಕಡೆ ಬಂದಿತ್ತು, ಅದನ್ನೇ ಮೇಲಕ್ಕೆ ತಂದು "ಶಿವಮೊಗ್ಗದ ದ್ಸೀಯೊ" ಅಂತ ಮಾಡ್ದೆ. ಹೊಸ ಹೆಸರು ಇಡೋದು ನನಗೆ ಇಷ್ಟ ಇರ್ಲಿಲ್ಲ, ಇದಕ್ಕೂ ಲೇಖಕಿಯನ್ನ ಕೇಳೇ ಮಾಡಿದ್ದು.

ಈಗ ಮದುವೆಯ ಜಾಗ. ಇಟಾಲಿಯನ್‌ನಲ್ಲಿ ದ್ಸೀಯೊ ಅಂತ ಕರೆಯೋದು ಸಹಜ, ಆದರೆ ಸ್ವೋಚೆರೊ ಅಂತ ಯಾರೂ ಮುಖಕ್ಕೆ ಕರೆಯಲ್ಲ, ಸೊಸೆ ಹೆಸರು ಹಿಡಿದು ಕರೀತಾಳೆ, ಕೆಲವು ಮನೆಲಿ ಪಪ್ಪಾ ಅಂತಾರೆ. ಹಾಗಾಗಿ ಕರೆಯೋ ಕಡೆಯೆಲ್ಲ ಕೊನೇವರೆಗೂ ದ್ಸೀಯೊ ಉಳಿಸಿದೆ. ನಿರೂಪಣೆಲಿ ಮಾತ್ರ ಮದುವೆ ಆದ ಮೇಲಿನ ಮೊದಲ ವಾಕ್ಯದಲ್ಲಿ "ಈಗ ನನ್ನ ಸ್ವೋಚೆರೊನೂ ಆಗಿದ್ದ ದ್ಸೀಯೊ" ಅಂತ ಒಂದೇ ಒಂದು ಸಲ ಗಂಟು ಹಾಕಿದೆ. ಸ್ವೋಚೆರೊ ಅನ್ನೋದನ್ನ ಇದಕ್ಕಿಂತ ಮುಂಚೆ ಎಲ್ಲಾದ್ರೂ ಬಳಸಿದ್ರೆ ಮದುವೆ ಆಗೋದು ಮೊದಲೇ ಬಯಲಾಗುತ್ತೆ, ಮೂಲದಲ್ಲಿ ಹುಡುಗಿಗೇ ಅದು ಕೊನೇ ಕ್ಷಣದವರೆಗೆ ಗೊತ್ತಿರಲ್ಲ.

ಅತ್ತಿಗೆಗೆ ಈ ದಾರಿ ಇಲ್ಲ. ಕೊನ್ಯಾತಾ ಅಂತ ಮುಖಕ್ಕೆ ಕರೆದ್ರೆ ತಮಾಷೆ ಮಾಡ್ದಂಗೆ ಕೇಳಿಸುತ್ತೆ, ಹೆಸರು ಹಿಡಿದ್ರೆ ದೊಡ್ಡವಳು ಅನ್ನೋ ಗೌರವ ಹೋಗುತ್ತೆ. ಇಲ್ಲಿ ಕನ್ನಡ ಪದನೇ ಇಟ್ಟೆ, ಆದರೆ ಕರೆಯೋ ಕಡೆ ಮಾತ್ರ, ಅದೂ ಮಾವನ ಮಗಳಿಗೆ ಮಾತ್ರ. ಅಣ್ಣನ ಹೆಂಡತಿಯನ್ನ ಕಥೆಲಿ ಯಾರೂ ನೇರವಾಗಿ ಕರೆಯಲ್ಲ, ಅವಳು "ಅಣ್ಣನ ಹೆಂಡತಿ" ಅಂತಲೇ ಉಳಿದಳು. ಹಾಗಾಗಿ ಇಟಾಲಿಯನ್‌ನಲ್ಲಿ ಅತ್ತಿಗೆ ಅನ್ನೋ ಶಬ್ದ ಕಂಡ್ರೆ ಅದು ಒಬ್ಬಳೇ, ಕುಜೀನಾ ಕೊನ್ಯಾತಾ ಆದಾಗಲೂ ಆ ಕರೆ ಬದಲಾಗಲ್ಲ.

ಆಮೇಲೆ ಸ್ಪೆಲ್ಲಿಂಗ್. ಇಂಗ್ಲಿಷ್‌ನಲ್ಲಿ ನಾವು ಟಿ ಎಚ್ ಹಾಕಿ ಬರೀತೀವಲ್ಲ, ಇಟಾಲಿಯನ್‌ಗೆ ಅದು ಬೇಡ, ಅವರ ಎರಡು ಟಿ ನಮ್ಮ ತ್ತ ಥರನೇ ಬರುತ್ತೆ. ತೊಂದರೆ ಇರೋದು ಗೆ ದಲ್ಲಿ. ಜಿ ಆದ ಮೇಲೆ ಇ ಬಂದ್ರೆ ಅವರು ಜೆ ಅಂತ ಓದ್ತಾರೆ, ಅತ್ತಿಜೆ ಆಗುತ್ತೆ. ಮಧ್ಯ ಎಚ್ ಹಾಕಲೇಬೇಕು. ಹಾಕಿದ್ರೆ ಇನ್ನೊಂದು ಗೊಂದಲ, ಕೊನೇಲಿ ಎ ಸ್ವರ ಇರೋ ಪದ ಅವರಿಗೆ ಸ್ತ್ರೀಲಿಂಗ ಬಹುವಚನ ಥರ ಕಾಣುತ್ತೆ, ಅಮೀಕಾ ಬಹುವಚನದಲ್ಲಿ ಅಮೀಕೆ ಆಗೋ ಹಾಗೆ. ಮಾವ ಪದ ಇಟ್ಟಿದ್ರೆ ಉಲ್ಟಾ ಆಗ್ತಿತ್ತು, ಕೊನೇಲಿ ಆ ಇರೋದ್ರಿಂದ ಹೆಂಗಸು ಅನ್ಕೊಳ್ತಾರೆ. ಹಾಗಾಗಿ ಅತ್ತಿಗೆ ಪದ ಮೊದಲು ಬರೋ ವಾಕ್ಯದಲ್ಲೇ ಏಕವಚನದ ಕ್ರಿಯಾಪದ ಅದರ ಪಕ್ಕಕ್ಕೆ ತಂದೆ, ಅದೇ ವಾಕ್ಯದಲ್ಲಿ "ವಯಸ್ಸಲ್ಲಿ ನನಗಿಂತ ದೊಡ್ಡ ಕುಜೀನಾಗೆ ನಾನು ಹೀಗೇ ಕರೀಬೇಕಿತ್ತು" ಅಂತ ಹುಡುಗಿಯ ಬಾಯಿಂದಲೇ ಹೇಳಿಸಿದೆ. ಅಡಿಟಿಪ್ಪಣಿ ಹಾಕ್ಲಿಲ್ಲ, ಕಥೆ ಓದೋವಾಗ ಯಾರು ಕೆಳಗೆ ನೋಡ್ತಾರೆ.

ಒಂದು ಸಣ್ಣದು ಆದರೆ ಹುಷಾರಾಗಿರಬೇಕಾದ್ದು, "ಅವಳ ಮಾವ" ಅಂದ್ರೆ ನಮಗೆ ಹೆಣ್ಣು ಅಂತ ಗೊತ್ತಾಗುತ್ತೆ. ಇಟಾಲಿಯನ್‌ನಲ್ಲಿ ಸೂಓ ದ್ಸೀಯೊ ಅಂದ್ರೆ ಅವಳ ಮಾವನೂ ಹೌದು, ಅವನ ಮಾವನೂ ಹೌದು, ಯಾಕಂದ್ರೆ ಸೂಓ ಹೊಂದಿಕೊಳ್ಳೋದು ಮಾವನ ಲಿಂಗಕ್ಕೆ, ಯಾರ ಮಾವ ಅನ್ನೋದಕ್ಕಲ್ಲ. ಅಣ್ಣ ತಂಗಿ ಇಬ್ಬರೂ ಇರೋ ಸೀನ್‌ನಲ್ಲಿ ಇದನ್ನ ಬಿಡಿಸಿ ಬರೀಲೇಬೇಕು. ನಿಪೋತೆ ಅನ್ನೋ ಪದನೂ ಅಷ್ಟೇ, ಮೊಮ್ಮಗ ಮೊಮ್ಮಗಳು, ಸೋದರಳಿಯ ಸೋದರಸೊಸೆ ಎಲ್ಲಾ ಅದೊಂದೇ. ಬೀಗರು ಮಾತ್ರ ನೆಮ್ಮದಿ, ಕೊನ್ಸ್ವೋಚೆರಿ ಅಂತ ಅವರಿಗೆ ಪದ ಇದೆ, ಇಂಗ್ಲಿಷ್‌ಗೆ ಮಾಡೋರಿಗೆ ಈ ಭಾಗ್ಯನೂ ಇಲ್ಲ.

ಸರಿಯಾಗಿದೆಯಾ ಅಂತ ನೋಡೋಕೆ ಕನ್ನಡ ಗೊತ್ತಿಲ್ಲದ ಒಬ್ಬ ಇಟಾಲಿಯನ್ ಫ್ರೆಂಡ್‌ಗೆ ಕೊಟ್ಟು, ಓದಿ ವಂಶವೃಕ್ಷ ಬರೆದುಕೊಡು ಅಂದೆ, ಚೆನ್ನಾಗಿದೆಯಾ ಅಂತ ಕೇಳಲೇ ಇಲ್ಲ. ಮಾವ, ಅತ್ತಿಗೆ, ಅಣ್ಣನ ಹೆಂಡತಿ ಸರಿಯಾದ ಜಾಗದಲ್ಲೇ ಬಂದ್ರು. ಅತ್ತೆ ಮಾತ್ರ ಎರಡು ಕಡೆ ಬಂದ್ರು, ಮಾವನ ಹೆಂಡತಿ ಒಂದು ಕೊಂಬೆಲಿ, ಗಂಡನ ಅಮ್ಮ ಇನ್ನೊಂದು ಕೊಂಬೆಲಿ, ಇಬ್ಬರೂ ಒಬ್ಬರೇ ಅಂತ ಫ್ರೆಂಡ್‌ಗೆ ಹೊಳೆದಿರ್ಲಿಲ್ಲ. ಹಾಗಾಗಿ ಮಾವನಿಗೆ ಹಾಕಿದ ಗಂಟನ್ನೇ ಅತ್ತೆಗೂ ಹಾಕಿ, ಮದುವೆ ಮರುದಿನ ಅಡುಗೆಮನೆಲಿ ಅವರು ಮೊದಲು ಮಾತಾಡೋ ವಾಕ್ಯದಲ್ಲಿ ಸೇರಿಸಿದೆ.