ಧಾರವಾಡದ ಒಂದು ಮನೆಯ ಸ್ಲ್ಯಾಬಿಗೆ ಯು-ಮೌಲ್ಯ ಲೆಕ್ಕ ಹಾಕಿದ್ದು

ಧಾರವಾಡದಲ್ಲಿ 60×90 ಅಡಿ ಸೈಟಿನ ಮನೆಯೊಂದರ ವಿನ್ಯಾಸ ನನ್ನ ಪಾಲಿಗೆ ಬಂತು. ಯಜಮಾನರು ನಿವೃತ್ತ ಮಾಸ್ತರರು. ಮನೆ ಶಕ್ತಿ ಉಳಿತಾಯಕ್ಕಾಗಿ ಇರುವ ಇಕೋ ನಿವಾಸ ಸಂಹಿತೆಯ ಪ್ರಕಾರವೇ ಆಗಬೇಕು, ಅದಕ್ಕೆ ಕಾಗದದ ಲೆಕ್ಕವೂ ಇರಬೇಕು ಅನ್ನುವುದು ಅವರ ಬೇಡಿಕೆ. ಕೇಂದ್ರ ಸರ್ಕಾರದ ಇಂಧನ ದಕ್ಷತಾ ಸಂಸ್ಥೆ ಬಿಇಇ 2018ರಲ್ಲಿ ತಂದ ಈ ಸಂಹಿತೆ 500 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಸೈಟುಗಳ ವಸತಿ ಕಟ್ಟಡಗಳಿಗೆ. 60×90 ಅಂದರೆ 501 ಚದರ ಮೀಟರ್ ಚಿಲ್ಲರೆ. ಅಂಚಿನಲ್ಲೇ ಒಳಗೆ ಬರುತ್ತದೆ.

ಗೋಡೆ ಮತ್ತು ಕಿಟಕಿಗಳನ್ನು ಸೇರಿಸಿ, ಅವುಗಳ ಮೂಲಕ ಒಳಗೆ ಬರುವ ಶಾಖಕ್ಕೆ ಆರ್‌ಇಟಿವಿ ಅಂತ ಒಂದು ಸಂಖ್ಯೆ ಬರುತ್ತದೆ. ಅದು ಚದರ ಮೀಟರಿಗೆ 15 ವಾಟ್ ದಾಟಬಾರದು. ಅದರಲ್ಲಿ ಗಾಜಿನ ಪಾಲೇ ಜಾಸ್ತಿ, ಅದರ ಕಥೆಯೇ ಬೇರೆ. ಇಲ್ಲಿ ನಾನು ಹೇಳುವುದು ಸ್ಲ್ಯಾಬಿನ ವಿಷಯ ಮಾತ್ರ. ನಮ್ಮ ಕಡೆ ಬೇಸಿಗೆಯಲ್ಲಿ ಮೇಲಿನ ಕೋಣೆ ಕಾಯುವುದು ತಲೆಯ ಮೇಲಿಂದ. ಜೊತೆಗೆ ಈ ನಿಯಮ ಸರಳ: ಚಾವಣಿಯ ಯು-ಮೌಲ್ಯ 1.2 ಮೀರಬಾರದು. ಊರು ಯಾವ ಹವಾಮಾನ ವಲಯಕ್ಕೆ ಸೇರುತ್ತದೆ ಅಂತ ಇದಕ್ಕೆ ನೋಡಬೇಕಾಗಿಲ್ಲ.

ಯು-ಮೌಲ್ಯ ಅಂದರೆ ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸ ಇದ್ದಾಗ ಒಂದು ಚದರ ಮೀಟರಿನಿಂದ ಎಷ್ಟು ವಾಟ್ ಶಾಖ ದಾಟುತ್ತದೆ ಅನ್ನುವುದು. ಕಡಿಮೆ ಇದ್ದಷ್ಟೂ ಒಳ್ಳೆಯದು. ಪ್ರತಿ ಪದರದ ದಪ್ಪವನ್ನು ಮೀಟರಿನಲ್ಲಿ ತೆಗೆದುಕೊಂಡು, ಆ ವಸ್ತುವಿನ ಶಾಖವಾಹಕತೆಯಿಂದ ಭಾಗಿಸಿದರೆ ಅದರ ತಡೆ ಸಿಗುತ್ತದೆ. ಎಲ್ಲ ತಡೆಗಳನ್ನೂ ಕೂಡಿಸಬೇಕು. ಚಾವಣಿಯ ಒಳಮೈಗೆ ಅಂಟಿದ ಗಾಳಿಗೆ 0.17, ಹೊರಮೈಯದಕ್ಕೆ 0.04 ಸೇರಿಸಬೇಕು. ಒಂದನ್ನು ಆ ಮೊತ್ತದಿಂದ ಭಾಗಿಸಿದರೆ ಯು. ನಮ್ಮಲ್ಲಿ ಎಲ್ಲರೂ ಹಾಕುವ ಮಾಮೂಲಿ ಸ್ಲ್ಯಾಬನ್ನೇ ಮೊದಲು ಲೆಕ್ಕಕ್ಕೆ ತೆಗೆದುಕೊಂಡೆ. ಕೆಳಗೆ 12 ಮಿ.ಮೀ. ಪ್ಲಾಸ್ಟರ್, 150 ಮಿ.ಮೀ. ಆರ್‌ಸಿಸಿ, ಮೇಲೆ ಇಳಿಜಾರಿಗೆ ಸರಾಸರಿ 50 ಮಿ.ಮೀ. ಸಿಮೆಂಟ್ ಗಾರೆ.

```
R = 0.17 + 0.012/0.721 + 0.15/1.58 + 0.05/0.719 + 0.04
  = 0.17 + 0.017 + 0.095 + 0.070 + 0.04 = 0.392
U = 1/0.392 = 2.55
```

ಮಿತಿಯ ಎರಡು ಪಟ್ಟಿಗಿಂತಲೂ ಜಾಸ್ತಿ. ಇದರಲ್ಲಿ ಇನ್ನೊಂದು ವಿಷಯ ಕಾಣುತ್ತದೆ. ಆರು ಇಂಚಿನ ಕಾಂಕ್ರೀಟು ಕೊಡುವ ತಡೆ ಬರೀ 0.095. ಸ್ಲ್ಯಾಬಿನ ದಪ್ಪ ಹೆಚ್ಚಿಸಿದರೆ ತಂಪಾಗುತ್ತದೆ ಅನ್ನುವ ನಂಬಿಕೆಯಿಂದ ಕಬ್ಬಿಣ, ಸಿಮೆಂಟ್ ಖರ್ಚಾಗುತ್ತದೆ ಅಷ್ಟೇ.

ಲೆಕ್ಕ ನೋಡಿ ಮಾಸ್ತರರು ಕೇಳಿದರು: "ಅಲ್ರೀ, ನಮ್ಮ ಅಜ್ಜಾರ ಮಾಳಿಗಿ ಮನಿ ತಂಪ ಇರ್ತಿತ್ತಲ್ರಿ?" ಅದನ್ನೂ ಕೂತು ಲೆಕ್ಕ ಹಾಕಿದೆವು. ಒಂದು ಇಂಚಿನ ಹಲಗೆ, ಮೇಲೆ ಹತ್ತು ಇಂಚು ಒಣ ಮಣ್ಣು ಅಂತ ಹಿಡಿದೆವು. ಮಣ್ಣಿನ ವಾಹಕತೆ 0.52, ಮರದ್ದು 0.14ರ ಸುಮಾರು. ಯು-ಮೌಲ್ಯ ಹೆಚ್ಚುಕಡಿಮೆ 1.15 ಬಂತು. ಹಳೆಯ ಮಾಳಿಗೆ ಇಂದಿನ ಸಂಹಿತೆಯಲ್ಲೂ ಪಾಸು! ಮಣ್ಣು ಹಗಲಿನ ಬಿಸಿಯನ್ನು ಹೀರಿ ತಡವಾಗಿ ಬಿಡುವ ಗುಣ ಈ ಲೆಕ್ಕದಲ್ಲಿ ಸೇರಿಯೇ ಇಲ್ಲ, ಅದು ಮೇಲಿನ ಲಾಭ. ಆದರೆ ಆ ಭಾರವನ್ನು ಈಗಿನ ಸ್ಲ್ಯಾಬಿನ ಮೇಲೆ ಹೇರುವ ಹಾಗಿಲ್ಲ.

ಹಾಗಾಗಿ ಸ್ಲ್ಯಾಬಿನ ಮೇಲೆ, ಗಾರೆಯ ಕೆಳಗೆ, ಶಾಖ ತಡೆಯುವ ಗಟ್ಟಿ ಫೋಮಿನ 25 ಮಿ.ಮೀ. ಎಕ್ಸ್‌ಪಿಎಸ್ ಬೋರ್ಡ್ ಹಾಕುವುದು ಅಂತ ತೀರ್ಮಾನಿಸಿದೆವು. ಪರೀಕ್ಷಾ ವರದಿಯಲ್ಲಿ ಅದರ ವಾಹಕತೆ 0.030 ಇತ್ತು. ಅಂದರೆ ಬೋರ್ಡ್ ಒಂದರಿಂದಲೇ 0.833 ತಡೆ. ಒಟ್ಟು 1.225, ಯು-ಮೌಲ್ಯ 0.82.

ಇಲ್ಲಿ ಒಂದು ಎಚ್ಚರಿಕೆ ಬೇಕು. ಒಬ್ಬ ವ್ಯಾಪಾರಿ ಕೊಟ್ಟ ಹಾಳೆಯಲ್ಲಿ 25 ಮಿ.ಮೀ. ಬೋರ್ಡಿನ ಆರ್-ಮೌಲ್ಯ, ಅಂದರೆ ತಡೆ, 5 ಅಂತಿತ್ತು. ಅದನ್ನೇ ಸುಮ್ನೆ ಸೂತ್ರಕ್ಕೆ ಹಾಕಿದರೆ ಯು 0.19 ಬರುತ್ತದೆ. ನೋಡುವವರಿಗೆ ಖುಷಿಯಾಗುತ್ತದೆ, ಆದರೆ ಆ 5 ಅಮೆರಿಕದ ಅಳತೆಯದು. ನಮ್ಮ ಅಳತೆಗೆ ತರಲು 5.678ರಿಂದ ಭಾಗಿಸಬೇಕು, ಆಗ ಸಿಗುವುದು 0.88. ಗುರುತು ಹಿಡಿಯುವುದು ಸುಲಭ. ದಪ್ಪವನ್ನು ಆರ್-ಮೌಲ್ಯದಿಂದ ಭಾಗಿಸಿ ನೋಡಿ. 0.025 ಭಾಗಿಸು 5 ಅಂದರೆ 0.005. ಇಂಥ ಮಾಮೂಲಿ ಬೋರ್ಡುಗಳಲ್ಲಿ ಅಷ್ಟು ಕಡಿಮೆ ವಾಹಕತೆ ಇರುವುದೇ ಇಲ್ಲ.

"ಬಿಳಿ ಪೇಂಟ್ ಹಚ್ಚಿದ್ರ ಸಾಕಾಗೂದಿಲ್ಲೇನ್ರಿ?" ಅನ್ನುವ ಪ್ರಶ್ನೆಯೂ ಬಂತು. ಬಿಳಿ ಬಣ್ಣ ಬಿಸಿಲನ್ನು ವಾಪಸ್ ಕಳಿಸುತ್ತದೆ, ಮನೆ ತಂಪಾಗುವುದು ನಿಜ. ಹಚ್ಚಲೇಬೇಕು ಅಂತ ನಾನೂ ಹೇಳುತ್ತೇನೆ. ಆದರೆ ಯು-ಮೌಲ್ಯದ ಸೂತ್ರದಲ್ಲಿ ಅದಕ್ಕೆ ಜಾಗವಿಲ್ಲ. ಬಣ್ಣ ತೋರಿಸಿ 1.2ರ ಮಿತಿ ಪಾಲಿಸಿದ್ದೇವೆ ಅನ್ನಲು ಬರುವುದಿಲ್ಲ.

ನಿಜವಾದ ಚೌಕಾಸಿ ನಡೆದದ್ದು ಬೋರ್ಡ್ ಎಲ್ಲೆಲ್ಲಿ ಹಾಕಬೇಕು ಅನ್ನುವುದರ ಮೇಲೆ. ಚಾವಣಿ ಒಟ್ಟು 200 ಚದರ ಮೀಟರ್. ನೀರಿನ ಟಾಂಕಿ, ಸೋಲಾರ್ ಕೂರುವ 30 ಚದರ ಮೀಟರಿಗೆ ಬೋರ್ಡ್ ಬೇಡ ಅಂತ ಮೊದಲೇ ಬಿಟ್ಟಿದ್ದೆವು. ಮಾಸ್ತರರ ಮನೆಯವರು ಬ್ಯಾಡಗಿ ಮೆಣಸಿನಕಾಯಿ, ಸಂಡಿಗೆ ಒಣಹಾಕುವ ಇನ್ನೊಂದು 30 ಚದರ ಮೀಟರನ್ನೂ ಬಿಡಿ ಅಂದರು. ಬೋರ್ಡಿನ ಮೇಲೆ ಓಡಾಡಿದರೆ ಗಾರೆ ಬಿರುಕು ಬಿಟ್ಟೀತು ಅಂತ ಅವರ ಅಂಜಿಕೆ. ಬೇರೆ ಬೇರೆ ರಚನೆ ಇದ್ದಾಗ ಪ್ರತಿ ಭಾಗದ ವಿಸ್ತೀರ್ಣವನ್ನು ಅದರ ಯು-ಮೌಲ್ಯದಿಂದ ಗುಣಿಸಿ, ಕೂಡಿಸಿ, ಒಟ್ಟು ವಿಸ್ತೀರ್ಣದಿಂದ ಭಾಗಿಸಬೇಕು.

```
30 m² ಬಿಟ್ಟರೆ: (170×0.82 + 30×2.55)/200 = 1.08
60 m² ಬಿಟ್ಟರೆ: (140×0.82 + 60×2.55)/200 = 1.34
```

ಮೊದಲನೆಯದು ಪಾಸು, ಎರಡನೆಯದು ಇಲ್ಲ. ಅಂಕಿ ಮುಂದಿಟ್ಟ ಮೇಲೆ ಅವರು ಒಪ್ಪಿದರು. ಅವರ ಅಂಜಿಕೆಗೂ ಉತ್ತರ ಬೇಕಿತ್ತು. ಗಾರೆಯ ಮಧ್ಯೆ ಜಾಲರಿ ಕೊಟ್ಟು, ಚೌಕಗಳಾಗಿ ತುಂಡು ಮಾಡಿ ಹಾಕಿಸಿದೆ. ಹೀಗೆ ಮಾಡಿದರೆ ನಡೆದಾಡಲು ತೊಂದರೆಯಿಲ್ಲ.

ಕಾಗದದ 0.82 ಸೈಟಿನಲ್ಲೂ 0.82 ಆಗಿ ಉಳಿಯಬೇಕಾದರೆ ಬೋರ್ಡುಗಳ ಸಂದಿ ನೋಡಬೇಕು. ಗೌಂಡಿಗಳು ಬೋರ್ಡನ್ನು ಟೈಲ್ಸಿನ ಹಾಗೆ ನಡುವೆ ಜಾಗ ಬಿಟ್ಟು ಜೋಡಿಸತೊಡಗಿದ್ದರು. ಆ ಸಂದಿಗೆ ಗಾರೆ ಇಳಿದರೆ ಬಿಸಿ ಅಲ್ಲಿಂದಲೇ ಇಳಿಯುತ್ತದೆ. ಅಂಚು ಒಂದರ ಮೇಲೊಂದು ಕೂರುವ ಬೋರ್ಡ್ ತರಿಸಿ, ಇಟ್ಟಿಗೆ ಕಟ್ಟಿದ ಹಾಗೆ ಸಂದಿ ತಪ್ಪಿಸಿ ಇಡಿಸಿ, ಮೇಲೆ ಟೇಪ್ ಹಾಕಿಸಿದೆ. ವಾಟರ್‌ಪ್ರೂಫಿಂಗ್ ಮುಗಿಸಿ, ನೀರು ನಿಲ್ಲಿಸಿ ಪರೀಕ್ಷೆ ಮಾಡಿದ ಮೇಲೆಯೇ ಇದೆಲ್ಲ.

ಪಾಲನೆ ತೋರಿಸಲು ಕಡತದಲ್ಲಿ ಇಟ್ಟದ್ದು ಇಷ್ಟು: ಪದರಗಳ ದಪ್ಪ ಬರೆದ ಚಾವಣಿಯ ಸೆಕ್ಷನ್, ಯಾವ ಭಾಗಕ್ಕೆ ಯಾವ ರಚನೆ ಎಂದು ಬಣ್ಣ ತುಂಬಿದ ಟೆರೇಸ್ ಪ್ಲಾನ್, ಮೇಲಿನ ಲೆಕ್ಕ, ಬೋರ್ಡಿನ ಪರೀಕ್ಷಾ ವರದಿ ಮತ್ತು ಬಿಲ್ಲು. ಗಾರೆ ಮುಚ್ಚುವ ಮೊದಲು ಅಳತೆಪಟ್ಟಿ ಇಟ್ಟು ತೆಗೆದ ಫೋಟೋಗಳೂ ಅದರಲ್ಲಿವೆ. ಮುಚ್ಚಿದ ಮೇಲೆ ಬೋರ್ಡ್ ಇದೆಯೋ ಇಲ್ಲವೋ ಅಂತ ಯಾರಿಗೂ ಕಾಣುವುದಿಲ್ಲ ಅಲ್ವಾ.

ಇದೇ ಲೆಕ್ಕವನ್ನು ಆಫೀಸು ಕಟ್ಟಡಕ್ಕೆ ಮಾಡಿದರೆ ಚಿತ್ರ ಬದಲಾಗುತ್ತದೆ. 100 ಕಿಲೋವಾಟ್ ಅಥವಾ ಅದಕ್ಕೂ ಹೆಚ್ಚು ಲೋಡ್ ಇರುವ ವಾಣಿಜ್ಯ ಕಟ್ಟಡಗಳಿಗೆ 2017ರಲ್ಲಿ ಬಂದದ್ದು ಇಸಿಬಿಸಿ 2017 ಅನ್ನುವ ಶಕ್ತಿ ಉಳಿತಾಯದ ಸಂಹಿತೆ. ಅದರಲ್ಲಿ ಆಫೀಸಿನ ಚಾವಣಿಗೆ ಮಿತಿ 0.33. ಅದೇ ಸ್ಲ್ಯಾಬು, ಅದೇ ಬೋರ್ಡು ಹಿಡಿದರೆ 75 ಮಿ.ಮೀ.ಗೆ 0.346 ಬಂದು ಫೇಲಾಗುತ್ತದೆ. 80 ಹಾಕಿದರೆ 0.327. ಅಂದರೆ ಗಾರೆಯೂ ಸೇರಿ ಟೆರೇಸಿನ ಮಟ್ಟ ಐದು ಇಂಚು ಮೇಲೇರುತ್ತದೆ. ಪ್ಯಾರಾಪೆಟ್ಟಿನ ಎತ್ತರ, ಮೆಟ್ಟಿಲಿನ ಬಾಗಿಲ ಹೊಸ್ತಿಲು, ನೀರಿನ ಕೊಳವೆಯ ಬಾಯಿ, ಈ ಮೂರನ್ನೂ ಆ ಮಟ್ಟಕ್ಕೆ ಹೊಂದಿಸಿ ಸ್ಲ್ಯಾಬ್ ಹಾಕುವ ಮೊದಲೇ ಡ್ರಾಯಿಂಗಿನಲ್ಲಿ ಗುರುತು ಹಾಕಬೇಕು.