ಒಂದು ಪಾವು ಅಕ್ಕಿ, ಮೂರು ತಟ್ಟೆ: ಯಾರಿಗೆ ಎಷ್ಟು?

ಮೈಸೂರಿನ ರಘುವಿನ ಹೆಂಡತಿಗೆ ಆ ತಿಂಗಳು ಮಧ್ಯಾಹ್ನದ ಪಾಳಿ. ರಾತ್ರಿ ಅಡುಗೆ ಅವನ ಪಾಲಿಗೆ ಬಂತು. ಉಣ್ಣುವವರು ಮೂವರು: ಅವನು, ಒಂದು ವರ್ಷ ಎಂಟು ತಿಂಗಳ ಮಗಳು, ಎಪ್ಪತ್ತೆರಡರ ಅಮ್ಮ. ಎರಡು ಪಾವು ಅಕ್ಕಿ ಇಟ್ಟ. ಅರ್ಧ ಅನ್ನ ಪಾತ್ರೆಯಲ್ಲೇ ಉಳಿಯಿತು.

ಮೊದಲು ಬೇಕಾದದ್ದು ಒಂದೇ ಬಟ್ಟಲು. ಅರ್ಧ ಲೀಟರ್ ಪ್ಯಾಕೆಟ್ ಹಾಲು ಸರಿಯಾಗಿ ಎರಡು ಸಲ ತುಂಬುವ ಬಟ್ಟಲನ್ನು ಆರಿಸಿಕೊಳ್ಳಿ. ಅದು 250 ಮಿಲಿ. ಒಂದರಿಂದ ಎರಡು ವರ್ಷದ ಮಗುವಿಗೆ ಒಂದು ಹೊತ್ತಿಗೆ ಇಂಥ ಮುಕ್ಕಾಲು ಬಟ್ಟಲಿನಿಂದ ಒಂದು ಬಟ್ಟಲು ಮೆತ್ತಗಿನ ಊಟ ಸಾಕು. ದಿನಕ್ಕೆ ಮೂರು ನಾಲ್ಕು ಸಲ, ನಡುವೆ ಒಂದೆರಡು ಸಲ ತಿಂಡಿ.

ಈ ಮೂವರಿಗೆ ಒಂದು ಪಾವು ಅಕ್ಕಿ, ಅಂದರೆ ಸುಮಾರು 200 ಗ್ರಾಂ, ಅರ್ಧ ಪಾವು ತೊಗರಿಬೇಳೆ ಸಾಕು. ಬೇಳೆ ಬೆಂದ ಮೇಲೆ ಉಪ್ಪು, ಖಾರದ ಪುಡಿ ಹಾಕುವ ಮೊದಲೇ ಮಗುವಿನ ಪಾಲು ತೆಗೆದಿಡಿ. ಅನ್ನದ ಜೊತೆ ಕಿವುಚಿ, ಒಂದು ಚಮಚ ತುಪ್ಪ ಬೆರೆಸಿ. ಮೊದಲು ಅರ್ಧ ಬಟ್ಟಲು ಬಡಿಸಿ, ಕೇಳಿದರೆ ಇನ್ನಷ್ಟು. ಮುಖ ತಿರುಗಿಸಿತು, ಬಾಯಿ ಬಿಗಿಹಿಡಿಯಿತು ಅಂದರೆ ಹೊಟ್ಟೆ ತುಂಬಿದೆ. ಆಟ ಆಡಿಸಿ ತುರುಕಬೇಡಿ. ರಘುವಿನ ಮಗಳು ಎರಡೇ ತುತ್ತಿಗೆ ಮುಖ ತಿರುಗಿಸುತ್ತಿದ್ದಳು. ಊಟಕ್ಕೆ ಮುಂಚೆ ಅವನೇ ಒಂದು ದೊಡ್ಡ ಲೋಟ ಹಾಲು ಕುಡಿಸುತ್ತಿದ್ದ! ಹಾಲನ್ನು ಸಂಜೆ ಬೇಗ, ಸಣ್ಣ ಲೋಟದಲ್ಲಿ ಕೊಟ್ಟ ಮೇಲೆ ಊಟ ಸೇರಿತು.

ಅಮ್ಮನ ತಟ್ಟೆ ಇನ್ನೂ ಕಷ್ಟ. "ವಯಸ್ಸಾಯ್ತಲ್ಲೋ, ಒಂದು ಹಿಡಿ ಅನ್ನ, ತಿಳಿಸಾರು ಸಾಕು" ಅನ್ನುತ್ತಿದ್ದರು. ಮನೆಮನೆಯಲ್ಲೂ ಕೇಳುವ ಮಾತೇ, ಅಲ್ವಾ? ಓಡಾಟ ಕಮ್ಮಿಯಾದಾಗ ಅನ್ನ ಕಮ್ಮಿ ಸಾಕು, ನಿಜ. ಆದರೆ ಪ್ರೋಟೀನ್ ಕಮ್ಮಿ ಮಾಡುವಂತಿಲ್ಲ. ಅದು ಸಾಲದಿದ್ದರೆ ಕೈಕಾಲಿನ ಮಾಂಸ ಕರಗುತ್ತದೆ, ಕುರ್ಚಿಯಿಂದ ಏಳುವುದೂ ಕಷ್ಟವಾಗುತ್ತದೆ. ಮೈತೂಕ 50 ಕಿಲೋ ಇದ್ದರೆ ದಿನಕ್ಕೆ 50 ಗ್ರಾಂ ಆದರೂ ಬೇಕು. 30 ಗ್ರಾಂ ಬೇಳೆಯಲ್ಲಿ ಸಿಗುವುದು ಆರೇಳು ಗ್ರಾಂ ಮಾತ್ರ, ಒಂದು ಮೊಟ್ಟೆಯಲ್ಲೂ ಹೆಚ್ಚುಕಮ್ಮಿ ಅಷ್ಟೇ. ತಿಳಿಯಲ್ಲಿ ಆ ಬೇಳೆಯೇ ಇರುವುದಿಲ್ಲ, ಅದು ತಳದಲ್ಲಿ ಕೂತಿರುತ್ತದೆ.

ಹಾಗಾಗಿ ರಘು ಸೌಟನ್ನು ತಳದವರೆಗೆ ಇಳಿಸಿ ಗಟ್ಟಿ ಬೇಳೆ ಬಡಿಸಲು ಶುರು ಮಾಡಿದ. ಅಮ್ಮನಿಗೆ ಮುಕ್ಕಾಲು ಬಟ್ಟಲು ಅನ್ನ, ಅರ್ಧ ಬಟ್ಟಲು ಗಟ್ಟಿ ಬೇಳೆ, ಪಲ್ಯ, ಮೊಸರು. ಬೆಳಿಗ್ಗೆ ಒಂದು ಮೊಟ್ಟೆ, ಸಂಜೆ ಹುರಿಗಡಲೆ ಪುಡಿ ಬೆರೆಸಿದ ಹಾಲು. ಒಂದೇ ಸಲಕ್ಕೆ ಸೇರದಿದ್ದರೆ ಎರಡು ಸಲ ಬಡಿಸಿದರಾಯಿತು. ಕಿಡ್ನಿ ತೊಂದರೆ ಇರುವವರಿಗೆ ಮಾತ್ರ ಈ ಲೆಕ್ಕ ಹೊಂದುವುದಿಲ್ಲ, ಡಾಕ್ಟರು ಹೇಳಿದಷ್ಟೇ ಕೊಡಿ.

ಅಳತೆ ಸರಿಯಿದೆಯೇ ಅನ್ನುವುದು ಒಂದು ದಿನದ ಊಟದಲ್ಲಿ ಗೊತ್ತಾಗುವುದಿಲ್ಲ. ಮಗುವನ್ನು ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ತೂಗಿಸಿ, ತಾಯಿ ಕಾರ್ಡಿನ ಗೆರೆ ಮೇಲೇರುತ್ತಿದೆಯೇ ನೋಡಿ. ಅಮ್ಮನ ಬಳೆ, ರವಿಕೆ ಸಡಿಲವಾಗುತ್ತಿದ್ದರೆ ಡಾಕ್ಟರಿಗೆ ತೋರಿಸಿ.