ಎರಡು ಸಲ ಬಾಗಿ, ಎರಡು ಚಪ್ಪಾಳೆ, ಮತ್ತೆ ಒಂದು ಸಲ ಬಾಗಿ

ಟೋಕಿಯೊಗೆ ಹೋದ ಮೊದಲ ತಿಂಗಳಲ್ಲೇ ತಪ್ಪು ಜಾಗದಲ್ಲಿ ಚಪ್ಪಾಳೆ ತಟ್ಟಿದೆ. ಅಸಾಕುಸಾದ ಸೆನ್ಸೋಜಿಯಲ್ಲಿ. ಜಪಾನಿನಲ್ಲಿ ದೇವರ ಮುಂದೆ ಚಪ್ಪಾಳೆ ತಟ್ಟುತ್ತಾರೆ ಅಂತ ಯಾರೋ ಹೇಳಿದ್ದರು. ಜೋರಾಗಿ ಎರಡು ಸಲ ತಟ್ಟಿಬಿಟ್ಟೆ. ಪಕ್ಕದಲ್ಲಿ ಕೈ ಮುಗಿದು ನಿಂತಿದ್ದ ಅಜ್ಜಿ ತಿರುಗಿ ನೋಡಿ ನಕ್ಕರು.

ಸೋಮವಾರ ಆಫೀಸಿನಲ್ಲಿ ಈ ಕಥೆ ಹೇಳಿದಾಗ ನನಗಿಂತ ಹಿರಿಯರಾದ ಸಹೋದ್ಯೋಗಿಯೊಬ್ಬರು ವಿಷಯ ಬಿಡಿಸಿ ಹೇಳಿದರು. ಸೆನ್ಸೋಜಿ ಬೌದ್ಧ ದೇವಾಲಯ. ಅಲ್ಲಿ ಸುಮ್ನೆ ಕೈ ಮುಗಿಯಬೇಕು. ಚಪ್ಪಾಳೆ ಇರುವುದು ಜಪಾನಿನ ಮೂಲ ಧರ್ಮವಾದ ಶಿಂಟೋದ ಗುಡಿಯಲ್ಲಿ, ಅಂದರೆ ಜಿಂಜಾದಲ್ಲಿ. ತಮಾಷೆ ಅಂದರೆ ಸೆನ್ಸೋಜಿಯ ಮುಖ್ಯ ಮಂಟಪದ ಬಲಕ್ಕೇ ಅಸಾಕುಸಾ ಜಿಂಜಾ ಇದೆ. 628ರಲ್ಲಿ ಇಬ್ಬರು ಮೀನುಗಾರ ಅಣ್ಣತಮ್ಮಂದಿರ ಬಲೆಗೆ ಕನ್ನೊನ್ ವಿಗ್ರಹ ಸಿಕ್ಕಿತು ಅಂತ ಸೆನ್ಸೋಜಿಯ ಸ್ಥಳಪುರಾಣ ಹೇಳುತ್ತದೆ. ಕನ್ನೊನ್ ಅಂದರೆ ನಮ್ಮ ಕಡೆಯ ಅವಲೋಕಿತೇಶ್ವರ. ವಿಗ್ರಹ ಸೆನ್ಸೋಜಿಗೆ ಹೋಯಿತು. ಆ ಅಣ್ಣತಮ್ಮಂದಿರು ಮತ್ತು ಅದರ ಬೆಲೆ ಗುರುತಿಸಿದ ಊರ ಹಿರಿಯ, ಮೂವರೂ ಪಕ್ಕದ ಜಿಂಜಾದಲ್ಲಿ ದೇವರಾದರು. ಎರಡೂ ಬಹುಕಾಲ ಒಂದೇ ಆಗಿದ್ದವು. 1868ರಲ್ಲಿ ಮೇಜಿ ಸರ್ಕಾರ ಬೌದ್ಧ, ಶಿಂಟೋ ಬೇರೆ ಬೇರೆ ಅಂತ ಆಜ್ಞೆ ಹೊರಡಿಸಿದ ಮೇಲೆ ಬೇರೆಯಾದವು. ಅಂಗಳ ಹೆಚ್ಚುಕಡಿಮೆ ಒಂದೇ, ಕೈ ಆಡಿಸುವ ರೀತಿ ಮಾತ್ರ ಬೇರೆ.

ಮುಂದಿನ ಭಾನುವಾರ ಅವರೇ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದರು. ತೊರಿಇ ಅನ್ನುವ ಕಲ್ಲಿನ ಹೆಬ್ಬಾಗಿಲಿನ ಮುಂದೆ ನಿಂತು ಸ್ವಲ್ಪ ಬಾಗಿದರು, ಆಮೇಲೆ ದಾರಿಯ ಒಂದು ಬದಿಗೆ ಸರಿದು ನಡೆದರು. ಮಧ್ಯದ ದಾರಿ ದೇವರು ನಡೆಯುವುದು ಅಂತೆ. ನಾನು ಚಪ್ಪಲಿ ಎಲ್ಲಿ ಬಿಡಲಿ ಅಂತ ಹುಡುಕುತ್ತಿದ್ದೆ. ಅಂಗಳದಲ್ಲಿ ಬಿಡುವಂತಿಲ್ಲ, ಒಳಗೆ ಮಂಟಪಕ್ಕೆ ಹತ್ತಿದರೆ ಮಾತ್ರ.

ಮುಂದೆ ನೀರಿನ ತೊಟ್ಟಿ. ಉದ್ದ ಹಿಡಿಯ ಸೌಟಿನಲ್ಲಿ ಒಂದೇ ಸಲ ನೀರು ತುಂಬಿಕೊಳ್ಳಬೇಕು, ಅಷ್ಟರಲ್ಲೇ ಎಲ್ಲ ಮುಗಿಯಬೇಕು. ಬಲಗೈಯಲ್ಲಿ ಸೌಟು ಹಿಡಿದು ಎಡಗೈ ತೊಳೆಯುವುದು, ಕೈ ಬದಲಿಸಿ ಬಲಗೈ ತೊಳೆಯುವುದು. ಮತ್ತೆ ಬಲಗೈಗೆ ಸೌಟು ತಂದು ಎಡ ಅಂಗೈಗೆ ನೀರು ಸುರಿದುಕೊಂಡು ಬಾಯಿ ಮುಕ್ಕಳಿಸುವುದು. ಅಂಗೈಗೆ ನೀರು ಬಿತ್ತು ನೋಡಿ, ನನ್ನ ಕೈ ತಾನಾಗಿ ತೀರ್ಥಕ್ಕೆ ಸಜ್ಜಾಯಿತು! ಇನ್ನೇನು ಕುಡಿಯಬೇಕು, ಅವರು ತೋಳು ಹಿಡಿದರು. ಇದು ಕುಡಿಯುವ ನೀರಲ್ಲ, ಹೊರಗಿನ ಕೊಳೆ ಕಳೆದುಕೊಳ್ಳುವ ನೀರು. ಮುಕ್ಕಳಿಸಿ, ಬಾಯಿಗೆ ಕೈ ಅಡ್ಡ ಹಿಡಿದು ಕೆಳಗೆ ಉಗಿಯಬೇಕು, ತೊಟ್ಟಿಯೊಳಗಲ್ಲ. ಎಡಗೈ ಮತ್ತೊಮ್ಮೆ ತೊಳೆದು, ಉಳಿದ ನೀರು ಹಿಡಿಯ ಮೇಲೆ ಹರಿದು ಇಳಿಯುವಂತೆ ಸೌಟನ್ನು ನೆಟ್ಟಗೆ ನಿಲ್ಲಿಸಬೇಕು. ಮುಂದಿನವರಿಗೆ ತೊಳೆದ ಹಿಡಿ ಸಿಗಲಿ ಅಂತ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಈ ಕೊನೆಯ ಸಣ್ಣ ಕೆಲಸ. ಕೊರೊನಾ ನಂತರ ಹಲವು ಕಡೆ ಸೌಟೇ ಇಲ್ಲ, ಹರಿಯುವ ನೀರಿಗೆ ಕೈ ಒಡ್ಡಿದರೆ ಆಯಿತು.

ಮಂಟಪದ ಮುಂದೆ ಮರದ ದೊಡ್ಡ ಕಾಣಿಕೆ ಪೆಟ್ಟಿಗೆ. ಹಿಂದೆ ಅಕ್ಕಿ ಅರ್ಪಿಸುತ್ತಿದ್ದ ಜಾಗಕ್ಕೆ ಕಾಲಕ್ರಮೇಣ ನಾಣ್ಯ ಬಂದಿದೆ. ಅವರು ನನ್ನ ಕೈಗೆ ತೂತಿನ 5 ಯೆನ್ ನಾಣ್ಯ ಕೊಟ್ಟರು. ‘ಗೋ-ಎನ್’ ಅಂದರೆ 5 ಯೆನ್, ‘ಗೊಎನ್’ ಅಂದರೆ ನಂಟು. ಅದರ ಮೇಲೆ ಬತ್ತದ ತೆನೆಯ ಚಿತ್ರವೂ ಇದೆ. 10 ಯೆನ್ ಹಾಕಬೇಡಿ, ಅದನ್ನು ‘ದೂರದ ನಂಟು’ ಅಂತಲೂ ಓದಬಹುದು ಅನ್ನುವವರಿದ್ದಾರೆ. ನನ್ನ ಪ್ರಕಾರ ಇದು ಶಾಸ್ತ್ರವಲ್ಲ, ಬರೀ ಪದಗಳ ಆಟ. ಚಿಲ್ಲರೆ ಇಲ್ಲದಿದ್ದರೆ 100 ಯೆನ್ ಹಾಕಿದರೂ ಯಾರೂ ಏನೂ ಅನ್ನುವುದಿಲ್ಲ. ದೂರದಿಂದ ಎಸೆಯದೆ ಮೆಲ್ಲಗೆ ಬಿಡಿ, ಅಷ್ಟೆ.

ಗಂಟೆ ಇದ್ದರೆ ಹಗ್ಗ ಅಲ್ಲಾಡಿಸಬೇಕು. ಇದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ ಅಲ್ವಾ?

ಆಮೇಲೆ ಸೊಂಟದಿಂದ ಪೂರ್ತಿ, ಬೆನ್ನು ನೆಲಕ್ಕೆ ಸಮವಾಗುವಷ್ಟು, ಎರಡು ಸಲ ಬಾಗಬೇಕು. ತಲೆ ಮಾತ್ರ ತಗ್ಗಿಸಿದರೆ ಅದು ಬಾಗಿದಂತಲ್ಲ. ನಂತರ ಎದೆಯ ಮಟ್ಟಕ್ಕೆ ಕೈ ಜೋಡಿಸಿ, ಬಲಗೈಯನ್ನು ಬೆರಳಿನ ಒಂದು ಗೆಣ್ಣಿನಷ್ಟು ಕೆಳಗೆ ಸರಿಸಿ, ಭುಜದಗಲ ತೆರೆದು ಎರಡು ಚಪ್ಪಾಳೆ. ಬಲಗೈ ಸರಿಸುವುದು ಯಾಕೆ ಅಂದರೆ, ಎಡ ದೇವರದು, ಬಲ ಮನುಷ್ಯನದು, ಮನುಷ್ಯ ಒಂದು ಹೆಜ್ಜೆ ಹಿಂದೆ ನಿಲ್ಲಬೇಕು ಅನ್ನುವುದು ಒಂದು ಅರ್ಥ. ಕೈಯಲ್ಲಿ ಆಯುಧವಿಲ್ಲ ಅಂತ ತೋರಿಸಲು ಚಪ್ಪಾಳೆ ಅಂತಲೂ ಹೇಳುತ್ತಾರೆ. ನನಗೆ ಶಿವನ ಗುಡಿಯ ಚಂಡಿಕೇಶ್ವರ ನೆನಪಾದ. ಅವನ ಮುಂದೆ ನಾವೂ ‘ಏನೂ ಒಯ್ಯುತ್ತಿಲ್ಲ’ ಅಂತ ಕೈ ತಟ್ಟಿ ತೋರಿಸುತ್ತೇವೆ. ಆದರೆ ಜಪಾನಿನ ಚಪ್ಪಾಳೆ ಮೊದಲು ಮನುಷ್ಯರಿಗೆ ಸಲ್ಲುತ್ತಿತ್ತು. ಅಲ್ಲಿನವರು ದೊಡ್ಡವರನ್ನು ಕಂಡಾಗ ಮೊಣಕಾಲೂರುವ ಬದಲು ಕೈ ತಟ್ಟಿ ಗೌರವ ತೋರುತ್ತಾರೆ ಅಂತ 3ನೇ ಶತಮಾನದ ಚೀನೀ ಇತಿಹಾಸ ಗ್ರಂಥದಲ್ಲಿದೆ.

ತಟ್ಟಿದ ಮೇಲೆ ಬೆರಳುಗಳನ್ನು ಸಮ ಮಾಡಿ, ಕೈ ಮುಗಿದು ಬೇಡಿಕೊಳ್ಳುವುದು. ಮೊದಲು ಹೆಸರು, ಮನೆಯ ವಿಳಾಸ ಹೇಳಿಕೊಳ್ಳಿ ಅಂದರು. ನಮ್ಮ ಅರ್ಚನೆಯ ಗೋತ್ರ, ನಕ್ಷತ್ರದ ಹಾಗೆ! ಮುಗಿದ ಮೇಲೆ ಇನ್ನೊಮ್ಮೆ ಬಾಗಬೇಕು. ಈ ಲೆಕ್ಕ ಎಲ್ಲ ಕಡೆ ಒಂದೇ ಆದದ್ದು ಮೇಜಿ ಕಾಲದ ಈಚೆಗೆ. ಇಝುಮೊ ತೈಶಾ ಅನ್ನುವ ಜಿಂಜಾದಲ್ಲಿ ಇವತ್ತಿಗೂ ನಾಲ್ಕು ಚಪ್ಪಾಳೆ.

ಇಷ್ಟೆಲ್ಲ ಮಾಡಿ ನಾನು ಕತ್ತು ಉದ್ದ ಮಾಡಿ ಒಳಗೆ ನೋಡಿದೆ. ವಿಗ್ರಹ ಕಾಣಲಿಲ್ಲ. ದೇವರು ನೆಲೆಸಿರುವ ವಸ್ತು, ಹೆಚ್ಚು ಕಡೆ ಒಂದು ಕನ್ನಡಿ, ಹಿಂದಿನ ಗರ್ಭಗುಡಿಯಲ್ಲಿ ಮುಚ್ಚಿಟ್ಟಿರುತ್ತದೆ. ನಮ್ಮ ಹಾಗೆ ಕಣ್ತುಂಬ ದರ್ಶನ ಮಾಡುವ ಲೆಕ್ಕ ಇಲ್ಲಿಲ್ಲ. ಗಂಟೆ, ಚಪ್ಪಾಳೆ ಕೇಳಿಸಿದರೆ ಸಾಕು. ಅದು ಒಪ್ಪಿಗೆಯಾಗಲು ನನಗೆ ನಾಲ್ಕೈದು ಭೇಟಿ ಬೇಕಾಯಿತು.

ಜನವರಿಯಲ್ಲಿ ಆಫೀಸಿನವರೆಲ್ಲ ಹೊಸ ವರ್ಷದ ಪೂಜೆಗೆ ಒಂದು ಜಿಂಜಾಕ್ಕೆ ಹೋದೆವು. ಈ ಸಲ ಒಳಗೆ. ಪೂಜಾರಿ ಬಿಳಿ ಕಾಗದದ ಕುಚ್ಚನ್ನು ನಮ್ಮ ತಲೆಗಳ ಮೇಲೆ ಬೀಸಿದರು, ಮಂತ್ರದ ನಡುವೆ ಕಂಪನಿಯ ಹೆಸರು, ವಿಳಾಸ ಓದಿದರು. ಆಮೇಲೆ ಒಬ್ಬೊಬ್ಬರಿಗೂ ಒಂದು ತಮಾಗುಶಿ, ಅಂದರೆ ಕಾಗದದ ಪಟ್ಟಿ ಕಟ್ಟಿದ ಸಕಾಕಿ ಮರದ ರೆಂಬೆ. ಬಲಗೈಯಲ್ಲಿ ಬುಡ, ಎಡಗೈ ಎಲೆಯ ಕೆಳಗೆ. ಮೇಜಿನ ಮುಂದೆ ಗಡಿಯಾರದ ದಿಕ್ಕಿಗೆ ಕಾಲು ಸುತ್ತು ತಿರುಗಿಸಿದರೆ ಬುಡ ನನ್ನ ಕಡೆಗೆ. ಎರಡೂ ಕೈಯಲ್ಲಿ ಬುಡ ಹಿಡಿದು ಬೇಡಿಕೊಂಡು, ಅದೇ ದಿಕ್ಕಿಗೆ ಇನ್ನರ್ಧ ಸುತ್ತು ತಿರುಗಿಸಿದರೆ ಬುಡ ದೇವರ ಕಡೆಗೆ. ಕೊಡುವವನು ಹಿಡಿಯನ್ನು ಪಡೆಯುವವರ ಕಡೆಗೆ ಮಾಡಿ ಕೊಟ್ಟಂತೆ. ನನ್ನ ಮುಂದಿನವರ ಕೈಗಳನ್ನೇ ನೋಡುತ್ತಾ ಮಾಡಿದೆ, ಸರಿಯಾಯಿತು. ಹಿಂದೆ ಸರಿದು ಎರಡು ಬಾಗು, ಎರಡು ಚಪ್ಪಾಳೆ, ಒಂದು ಬಾಗು.

ಹೊರಗೆ ಬರುವಾಗ ಚಪ್ಪಟೆ ಬಟ್ಟಲಲ್ಲಿ ಒಂದು ಗುಟುಕು ಸಾಕೆ, ಅಂದರೆ ಅಕ್ಕಿಯ ಮದ್ಯ ಕೊಟ್ಟರು, ದೇವರಿಗಿಟ್ಟು ಇಳಿಸಿದ ಪ್ರಸಾದ. ಬಟ್ಟಲು ಹಿಡಿದು ಸಹೋದ್ಯೋಗಿಯ ಮುಖ ನೋಡಿದೆ. “ಇದನ್ನು ಕುಡಿಯಬಹುದು” ಅಂದರು.